ತುಂಡು ವಾಕ್ಯಗಳನ್ನು ಹೊಲಿಯುವುದು ಹೇಗೆ? ಕೊನೆಯ ಕ್ರಿಯಾಪದದಿಂದ ಶುರು ಮಾಡಿ

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲೇ ಹುಟ್ಟಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಈಗ ಕನ್ನಡದಲ್ಲಿ ಬರೆಯಲು ಶುರು ಮಾಡಿದ್ದೇನೆ. ಓದಿದವರೆಲ್ಲ ‘ವಾಕ್ಯ ತುಂಡು ತುಂಡಾಗಿದೆ, ಮೂರನೇ ಕ್ಲಾಸಿನ ಮಗು ಬರೆದ ಹಾಗಿದೆ’ ಅನ್ನುತ್ತಾರೆ. ‘ಮತ್ತು’, ‘ಆದರೆ’, ‘ಆದ್ದರಿಂದ’ ಎಲ್ಲ ಹಾಕಿ ಸೇರಿಸಿ ನೋಡಿದೆ. ಇನ್ನೂ ಕೆಟ್ಟಿತು. ಒಂದು ಪ್ಯಾರಾ ಕಳಿಸುತ್ತಿದ್ದೇನೆ. ಏನು ಮಾಡಲಿ?

*‘ನಾನು ಕಡಲೆಕಾಯಿ ಪರಿಷೆಗೆ ಹೋದೆ. ಅದು ಬಸವನಗುಡಿಯಲ್ಲಿ ನಡೆಯುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುತ್ತದೆ. ಅಜ್ಜಿ ನನ್ನ ಜೊತೆ ಬಂದರು. ಅವರಿಗೆ ಮೊಣಕಾಲು ನೋವು ಇದೆ. ನಾವು ಆಟೊದಲ್ಲಿ ಹೋದೆವು. ರಾಮಕೃಷ್ಣ ಆಶ್ರಮದ ಹತ್ತಿರ ಇಳಿದೆವು. ಅಲ್ಲಿಂದ ನಡೆದೆವು. ರಸ್ತೆಯ ಎರಡೂ ಕಡೆ ಕಡಲೆಕಾಯಿ ರಾಶಿ ಇತ್ತು. ಅಜ್ಜಿ ಒಂದು ರಾಶಿಯ ಮುಂದೆ ನಿಂತರು. ಒಂದು ಕಾಯಿ ಬಿಡಿಸಿದರು. ಬಾಯಿಗೆ ಹಾಕಿಕೊಂಡರು. ಚೌಕಾಸಿ ಮಾಡಿದರು. ಮಾರುವವಳು ಒಪ್ಪಲಿಲ್ಲ. ಅಜ್ಜಿ ಮುಂದೆ ಹೋಗಲಿಲ್ಲ. ಅಲ್ಲೇ ಕೊಂಡರು.’*

ಉತ್ತರ: ಮೊದಲು ಒಂದು ಕೆಲಸ ಮಾಡಿ. ಪ್ಯಾರಾದ ಪ್ರತಿ ವಾಕ್ಯದ ಕೊನೆಯ ಪದವನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೋದೆ, ನಡೆಯುತ್ತದೆ, ನಡೆಯುತ್ತದೆ, ಬಂದರು, ಇದೆ, ಹೋದೆವು, ಇಳಿದೆವು, ನಡೆದೆವು, ಇತ್ತು, ನಿಂತರು, ಬಿಡಿಸಿದರು, ಹಾಕಿಕೊಂಡರು, ಮಾಡಿದರು, ಒಪ್ಪಲಿಲ್ಲ, ಹೋಗಲಿಲ್ಲ, ಕೊಂಡರು. ಹದಿನಾರು ವಾಕ್ಯ, ಹದಿನಾರು ಪೂರ್ಣ ಕ್ರಿಯಾಪದ. ಆಟೊದಿಂದ ಇಳಿದದ್ದಕ್ಕೂ ಅಷ್ಟೇ ತೂಕ, ಅಜ್ಜಿ ಹಟ ಹಿಡಿದು ನಿಂತದ್ದಕ್ಕೂ ಅಷ್ಟೇ ತೂಕ. ನಿಮ್ಮ ವಾಕ್ಯಗಳು ಚಿಕ್ಕದಾಗಿರುವುದು ತೊಂದರೆಯೇ ಅಲ್ಲ. ಎಲ್ಲವೂ ಒಂದೇ ಎತ್ತರದಲ್ಲಿ ನಿಂತಿರುವುದು ತೊಂದರೆ.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಯಾರು ಮಾಡಿದರು, ಯಾವಾಗ ಮಾಡಿದರು ಅನ್ನುವ ಗುರುತು ಅದರ ಬಾಲದಲ್ಲೇ ಇರುತ್ತದೆ. ಹಾಗಾಗಿ ಓದುವವರ ಕಿವಿ ಕೊನೆಯವರೆಗೂ ಕಾಯುತ್ತದೆ, ಅಲ್ಲಿ ಸಿಕ್ಕಿದ್ದನ್ನೇ ಸುದ್ದಿ ಅಂದುಕೊಳ್ಳುತ್ತದೆ. ವಾಕ್ಯ ಜೋಡಿಸುವುದು ಅಂದರೆ ಯಾವ ಕ್ರಿಯಾಪದವನ್ನು ಕೊನೆಗೆ ಪೂರ್ತಿಯಾಗಿ ಉಳಿಸಬೇಕು, ಯಾವುದರ ಬಾಲ ಕತ್ತರಿಸಿ ಅದರ ಹಿಂದೆ ನಿಲ್ಲಿಸಬೇಕು ಅಂತ ತೀರ್ಮಾನ ಮಾಡುವುದು. ‘ಮತ್ತು’ ಹಾಕಿದಾಗ ಇನ್ನೂ ಕೆಟ್ಟದ್ದು ಇದಕ್ಕೇ. ‘ಅಜ್ಜಿ ಕಾಯಿ ಬಿಡಿಸಿದರು ಮತ್ತು ಬಾಯಿಗೆ ಹಾಕಿಕೊಂಡರು’ ಅಂದರೆ ಎರಡು ಪೂರ್ಣ ಕ್ರಿಯಾಪದ ಹಾಗೇ ಉಳಿದವು, ನಡುವೆ ಒಂದು ಮೊಳೆ ಹೊಡೆದಂತಾಯಿತು ಅಷ್ಟೇ. ಹೆಸರುಗಳ ನಡುವೆ ‘ಮತ್ತು’ ಒಗ್ಗುತ್ತದೆ: ಬೆಲ್ಲ ಮತ್ತು ಕಡಲೆಕಾಯಿ. ಕೆಲಸಗಳ ನಡುವೆ ಅದು ಇಂಗ್ಲಿಷಿನ ಅಭ್ಯಾಸ.

ನೀವು ಮಾತಾಡುವಾಗ ಈ ತಪ್ಪು ಮಾಡುವುದಿಲ್ಲ ಅಂತ ನನಗೆ ಗೊತ್ತು. ಮನೆಗೆ ಬಂದು ಅಮ್ಮನ ಹತ್ತಿರ ನೀವು ಹೇಳಿರುವುದು ‘ಅಜ್ಜೀನ ಕರ್ಕೊಂಡು ಪರಿಷೆಗೆ ಹೋಗಿ ಬಂದ್ವಿ’ ಅಂತ. ಅದರಲ್ಲಿ ಮೂರು ಕೆಲಸ ಇದೆ: ಕರೆದುಕೊಂಡದ್ದು, ಹೋದದ್ದು, ಬಂದದ್ದು. ಪೂರ್ಣ ಕ್ರಿಯಾಪದ ಒಂದೇ. ಕೈಗೆ ಪೆನ್ನು ಬಂದ ಕೂಡಲೇ ಅದು ಮರೆತುಹೋಗುತ್ತದೆ.

ಹಾಗಾಗಿ ಮೊದಲ ಸಾಧನ ಈ ‘ಹೋಗಿ, ಬಂದು, ಬಿಡಿಸಿ, ನಿಂತು’. ವ್ಯಾಕರಣದಲ್ಲಿ ಇದಕ್ಕೆ ಕೃದಂತಾವ್ಯಯ ಅನ್ನುತ್ತಾರೆ. ಹೆಸರು ನೆನಪಿರಬೇಕಾಗಿಲ್ಲ, ಗುಣ ನೆನಪಿರಲಿ. ‘ಬಿಡಿಸಿ’ ಅನ್ನುವ ಪದದಲ್ಲಿ ಬಿಡಿಸಿದ್ದು ನಾನೋ ಅಜ್ಜಿಯೋ, ನಿನ್ನೆಯೋ ನಾಳೆಯೋ ಏನೂ ಇಲ್ಲ. ಅದೆಲ್ಲವನ್ನೂ ಅದು ಕೊನೆಯ ಕ್ರಿಯಾಪದದಿಂದ ಸಾಲ ತರುತ್ತದೆ. ನಿಮ್ಮ ಪ್ಯಾರಾದ ಮಧ್ಯದ ನಾಲ್ಕು ವಾಕ್ಯ ತೆಗೆದುಕೊಳ್ಳಿ. ಎರಡು ರೀತಿ ಜೋಡಿಸುತ್ತೇನೆ.

‘ಅಜ್ಜಿ ಒಂದು ರಾಶಿಯ ಮುಂದೆ ನಿಂತು, ಒಂದು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡರು. ಚೌಕಾಸಿ ಮಾಡಿದರು.’

‘ಅಜ್ಜಿ ಒಂದು ರಾಶಿಯ ಮುಂದೆ ನಿಂತು, ಒಂದು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡು ಚೌಕಾಸಿ ಮಾಡಿದರು.’

ಮೊದಲನೆಯದರಲ್ಲಿ ರುಚಿ ನೋಡಿದ್ದು ಒಂದು ಘಟನೆ, ಚೌಕಾಸಿ ಇನ್ನೊಂದು ಘಟನೆ. ಎರಡನೆಯದರಲ್ಲಿ ರುಚಿ ನೋಡಿದ್ದು ಚೌಕಾಸಿಯ ತಯಾರಿ. ಅಜ್ಜಿ ಪಕ್ಕಾ ವ್ಯವಹಾರಸ್ಥೆ ಅನ್ನಿಸಬೇಕಾದರೆ ಎರಡನೆಯದು. ಹೊಸ ಕಡಲೆಕಾಯಿಯ ರುಚಿಗೆ ಅವರು ಒಂದು ಗಳಿಗೆ ಮೈಮರೆತರು ಅಂತ ನೀವು ಹೇಳಹೊರಟಿದ್ದರೆ ಮೊದಲನೆಯದು. ವ್ಯಾಕರಣ ಎರಡಕ್ಕೂ ಒಪ್ಪುತ್ತದೆ. ಆರಿಸಬೇಕಾದವರು ನೀವು.

ಸಾಲ ತರುತ್ತದೆ ಅಂದೆನಲ್ಲ, ಅದರಿಂದಲೇ ಒಂದು ಕಟ್ಟುನಿಟ್ಟು ಹುಟ್ಟುತ್ತದೆ. ಎರಡೂ ಕೆಲಸ ಮಾಡಿದವರು ಒಬ್ಬರೇ ಆಗಿರಬೇಕು. ‘ಅಜ್ಜಿ ಚೌಕಾಸಿ ಮಾಡಿ ಮಾರುವವಳು ಒಪ್ಪಲಿಲ್ಲ’ ಅಂತ ಓದಿ ನೋಡಿ. ಕಾಲು ಎಡವಿದ ಹಾಗಾಗುತ್ತದೆ. ಚೌಕಾಸಿ ಅಜ್ಜಿಯದು, ಒಪ್ಪದಿದ್ದದ್ದು ಬೇರೆಯವಳು. ಇಂಥ ಕಡೆ ಬೇರೆ ಕೊಂಡಿ ಬೇಕು. ‘ಮಾಡಿದರೂ’, ‘ಮಾಡಿದಾಗ’, ‘ಮಾಡಿದ ಮೇಲೆ’, ‘ಮಾಡಿದರೆ’, ‘ಮಾಡಿದ್ದರಿಂದ’ ಇವೆಲ್ಲ ಇಬ್ಬರನ್ನು ತಾಳಿಕೊಳ್ಳುತ್ತವೆ. ‘ಅಜ್ಜಿ ಎಷ್ಟು ಚೌಕಾಸಿ ಮಾಡಿದರೂ ಮಾರುವವಳು ಒಪ್ಪಲಿಲ್ಲ’ ಅಂದರೆ ಸರಾಗ.

ಇದಕ್ಕೆ ಅಪವಾದ ಇದೆ, ನೀವೇ ದಿನಾ ಬಳಸುತ್ತೀರಿ. ‘ಮಳೆ ಬಂದು ಕಡಲೆಕಾಯಿ ನೆನೆಯಿತು.’ ಬಂದದ್ದು ಮಳೆ, ನೆನೆದದ್ದು ಕಾಯಿ, ಆದರೂ ವಾಕ್ಯ ಸರಿಯಾಗಿದೆ. ‘ಅಜ್ಜಿ ಊರಿಂದ ಬಂದು ಎರಡು ದಿನ ಆಯಿತು’ ಅನ್ನುವುದೂ ಸರಿಯೇ. ಮೊದಲನೆಯದರಲ್ಲಿ ಒಂದರಿಂದ ಇನ್ನೊಂದು ತಾನಾಗಿ ಆಗಿದೆ, ಯಾರೂ ಬೇಕಂತ ಮಾಡಿದ್ದಲ್ಲ. ಎರಡನೆಯದರಲ್ಲಿ ಬರೀ ಕಾಲದ ಲೆಕ್ಕ ಇದೆ. ಇಬ್ಬರು ಮನುಷ್ಯರು ತಮ್ಮ ತಮ್ಮ ಇಷ್ಟದಂತೆ ಬೇರೆ ಬೇರೆ ಕೆಲಸ ಮಾಡಿದಾಗ ಮಾತ್ರ ಈ ಕೊಂಡಿ ಕಳಚಿಕೊಳ್ಳುತ್ತದೆ.

‘ಹೋಗಿ, ಬಂದು’ ಜೊತೆಗೆ ‘ಹೋಗುತ್ತಾ, ಬರುತ್ತಾ’ ಕೂಡ ಇದೆ. ಎರಡು ಕೆಲಸ ಒಟ್ಟಿಗೆ ನಡೆಯುವಾಗ ಮಾತ್ರ ಅದಕ್ಕೆ ಜಾಗ. ‘ಕಾಯಿ ಅಗಿಯುತ್ತಾ ಚೌಕಾಸಿ ಮಾಡಿದರು’ ಸರಿ, ಬಾಯಿಗೆ ಎರಡೂ ಸಾಧ್ಯ. ‘ಆಟೊದಿಂದ ಇಳಿಯುತ್ತಾ ಆಶ್ರಮದಿಂದ ನಡೆದೆವು’ ಆಗುವುದಿಲ್ಲ. ಇಂಗ್ಲಿಷಿನಿಂದ ಅನುವಾದ ಮಾಡುವವರ ಬರಹದಲ್ಲಿ ಈ ‘ತ್ತಾ’ ಸುಮ್ನೆ ಸುಮ್ನೆ ನುಸುಳುತ್ತದೆ.

ಈಗ ನಾನೇ ಬಿದ್ದ ಒಂದು ಗುಂಡಿಯ ಕಥೆ ಹೇಳುತ್ತೇನೆ. ಬಹಳ ವರ್ಷದ ಹಿಂದೆ ಒಂದು ಸಂಘದ ವಾರ್ಷಿಕ ಸಂಚಿಕೆಗೆ ನಾನು ಸಭೆಯ ವರದಿ ಬರೆದಿದ್ದೆ. ಅದರಲ್ಲಿ ಒಂದು ಸಾಲು: ‘ಖಜಾಂಚಿಯವರು ಲೆಕ್ಕ ನೋಡಿ ಸಹಿ ಹಾಕಲಿಲ್ಲ.’ ನಾನು ಹೇಳಹೊರಟದ್ದು ಅವರು ಲೆಕ್ಕವನ್ನು ನೋಡದೆಯೇ ಸಹಿ ಹಾಕಿಬಿಟ್ಟರು ಅಂತ. ಓದಿದ ಅರ್ಧ ಜನಕ್ಕೆ ತಿಳಿದದ್ದು ಅವರು ಲೆಕ್ಕ ನೋಡಿದರು, ಏನೋ ತಪ್ಪು ಕಂಡಿತು, ಸಹಿ ಹಾಕಲಿಲ್ಲ ಅಂತ. ಒಂದರಲ್ಲಿ ಖಜಾಂಚಿ ಬೇಜವಾಬ್ದಾರಿ, ಇನ್ನೊಂದರಲ್ಲಿ ಕಟ್ಟುನಿಟ್ಟಿನ ಮನುಷ್ಯ. ಪುಣ್ಯಕ್ಕೆ ಅವರು ಎರಡನೇ ಅರ್ಥದಲ್ಲೇ ಓದಿಕೊಂಡು ನನಗೆ ಥ್ಯಾಂಕ್ಸ್ ಹೇಳಿದರು!

ಏನಾಯಿತು ಅಂದರೆ, ಕೊನೆಯ ‘ಇಲ್ಲ’ ಅನ್ನುವುದು ಎಲ್ಲಿಯವರೆಗೆ ಹಿಂದಕ್ಕೆ ಚಾಚುತ್ತದೆ ಅನ್ನುವುದು ವಾಕ್ಯದಲ್ಲಿ ಕಾಣುವುದಿಲ್ಲ. ‘ಸಹಿ’ಯನ್ನಷ್ಟೇ ಹಿಡಿಯುತ್ತದೋ, ‘ನೋಡಿ’ಯನ್ನೂ ಹಿಡಿಯುತ್ತದೋ? ಪ್ರಶ್ನೆಯಲ್ಲೂ ಹೀಗೇ. ಮನೆಗೆ ಬಂದ ನೆಂಟರನ್ನು ‘ತಿಂಡಿ ತಿಂದು ಬಂದ್ರಾ?’ ಅಂತ ಕೇಳುತ್ತೇವೆ. ಬಂದು ಎದುರಿಗೇ ಕೂತಿದ್ದಾರೆ, ಬಂದಿದ್ದಾರೋ ಇಲ್ಲವೋ ಅಂತ ಯಾರೂ ಕೇಳುತ್ತಿಲ್ಲ. ಪ್ರಶ್ನೆ ಇರುವುದು ತಿಂಡಿಯ ಮೇಲೆ, ಪ್ರಶ್ನೆಯ ಗುರುತು ಇರುವುದು ‘ಬಂದ್ರಾ’ ಮೇಲೆ. ಎದುರಾಎದುರು ಮಾತಾಡುವಾಗ ಇದು ತೊಡಕಾಗದು. ಬರಹದಲ್ಲಿ ಆಗುತ್ತದೆ.

ನಿಮ್ಮ ಪ್ಯಾರಾದಲ್ಲಿ ಎರಡು ‘ಇಲ್ಲ’ ಇವೆ, ಅದಕ್ಕೇ ಎಚ್ಚರಿಸುತ್ತಿದ್ದೇನೆ. ನೀವು ‘ಅಜ್ಜಿ ಚೌಕಾಸಿ ಮಾಡಿ ಮುಂದೆ ಹೋಗಲಿಲ್ಲ’ ಅಂತ ಜೋಡಿಸಿದಿರಿ ಅಂದುಕೊಳ್ಳಿ. ಚೌಕಾಸಿ ಮಾಡಿದರೋ, ಮಾಡಲೇ ಇಲ್ಲವೋ? ಪರಿಹಾರ ಸುಲಭ. ಇಲ್ಲ ಅನ್ನುವುದನ್ನು ಅದು ಸೇರಬೇಕಾದ ಕ್ರಿಯಾಪದಕ್ಕೇ ಅಂಟಿಸಿಬಿಡಿ: ‘ಮುಂದೆ ಹೋಗದೆ ಅಲ್ಲೇ ಕೊಂಡರು’, ‘ಲೆಕ್ಕ ನೋಡದೆ ಸಹಿ ಹಾಕಿದರು’. ಈ ‘ಅದೆ’ ಬಂದ ಕೂಡಲೇ ಅನುಮಾನ ಹೋಗುತ್ತದೆ. ಬರೆದ ಮೇಲೆ ‘ಇಲ್ಲ’ದಿಂದ ಮುಗಿಯುವ ಪ್ರತಿ ಉದ್ದ ವಾಕ್ಯವನ್ನೂ ನಾನು ಈಗಲೂ ಒಂದು ಸಲ ಅನುಮಾನದಿಂದ ನೋಡುತ್ತೇನೆ.

ಎರಡನೇ ಸಾಧನ, ಒಂದು ವಾಕ್ಯವನ್ನೇ ಹೆಸರಿನ ಹಿಂದಿನ ವಿಶೇಷಣ ಮಾಡುವುದು. ‘ಅದು ಬಸವನಗುಡಿಯಲ್ಲಿ ನಡೆಯುತ್ತದೆ’, ‘ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುತ್ತದೆ’ ಇವೆರಡು ಕಥೆಯ ಘಟನೆಗಳೇ ಅಲ್ಲ, ಪರಿಷೆಯ ಪರಿಚಯ. ಪರಿಚಯಕ್ಕೆ ಪೂರ್ಣ ಕ್ರಿಯಾಪದ ಬೇಡ. ‘ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ’ ಅಂದರೆ ಎರಡು ವಾಕ್ಯ ಒಂದು ಹೆಸರಿನೊಳಗೆ ಸೇರಿಕೊಂಡವು. ‘ನಡೆಯುತ್ತದೆ’ ಎರಡು ಸಲ ಬರುವ ಕಾಟವೂ ತಪ್ಪಿತು. ಇಂಗ್ಲಿಷಿನಲ್ಲಿ ಯೋಚಿಸುವವರು ಇದನ್ನೇ ‘ನಾನು ಪರಿಷೆಗೆ ಹೋದೆ, ಯಾವುದು ಬಸವನಗುಡಿಯಲ್ಲಿ ನಡೆಯುತ್ತದೆಯೋ’ ಅಂತ ಬಾಲದ ಕಡೆ ಅಂಟಿಸುತ್ತಾರೆ. ಕನ್ನಡದಲ್ಲಿ ಪರಿಚಯ ಹೆಸರಿನ ಮುಂಚೆಯೇ ಬರುವುದು ವಾಡಿಕೆ.

ಇದಕ್ಕೂ ಮಿತಿ ಇದೆ. ಪರಿಚಯವೆಲ್ಲ ಹೆಸರಿನ ಮುಂಚೆ ಬರುವುದರಿಂದ, ಹೆಸರು ಸಿಗುವ ತನಕ ಓದುವವರು ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡೇ ಇರಬೇಕು. ಬಸ್ಸಿನಲ್ಲಿ ಎರಡು ಚೀಲ ಹಿಡಿದು ನಿಂತವರ ಕೈಗೆ ಮೂರನೆಯದನ್ನೂ ಕೊಟ್ಟ ಹಾಗೆ. ‘ರೈತರು ಹಳ್ಳಿಗಳಿಂದ ತಂದು ಸುರಿಯುವ ಕಡಲೆಕಾಯಿಯನ್ನು ಕೊಳ್ಳಲು ಜನ ಮುಗಿಬೀಳುವ, ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಪರಿಷೆಗೆ...’ ಇಷ್ಟು ಹೊತ್ತಿಗೆ ಓದುವವರು ಇಳಿದು ಹೋಗಿರುತ್ತಾರೆ. ನಾನು ಒಂದು ಹೆಸರಿನ ಮುಂಚೆ ಎರಡು ವಿಷಯಕ್ಕಿಂತ ಜಾಸ್ತಿ ಹೇರುವುದಿಲ್ಲ. ಮೂರನೆಯದಕ್ಕೆ ಬೇರೆ ವಾಕ್ಯ.

ವಿಶೇಷಣ ಯಾರ ಹೆಗಲ ಮೇಲೆ ಕೂರುತ್ತದೆ ಅನ್ನುವುದನ್ನೂ ನೋಡಬೇಕು. ‘ಅಜ್ಜಿಗೆ ಒಂದು ಚೀಲ ಇತ್ತು. ಅದು ಹರಿದಿತ್ತು’ ಅನ್ನುವುದನ್ನು ನನ್ನ ತರಗತಿಯಲ್ಲಿ ಒಬ್ಬರು ‘ಹರಿದ ಅಜ್ಜಿಯ ಚೀಲ’ ಅಂತ ಜೋಡಿಸಿದ್ದರು. ಪಾಪ ಅಜ್ಜಿ! ವಿಶೇಷಣ ತನ್ನ ಪಕ್ಕದಲ್ಲಿ ಮೊದಲು ಸಿಕ್ಕ ಹೆಸರನ್ನು ಹಿಡಿದುಕೊಳ್ಳುತ್ತದೆ. ‘ಅಜ್ಜಿಯ ಹರಿದ ಚೀಲ’ ಅಂತ ಹತ್ತಿರ ತಂದರೆ ಸಾಕು. ಇದು ನಗು ಬರಿಸುವುದರಿಂದ ಸಿಕ್ಕಿಬೀಳುತ್ತದೆ. ‘ಮಲ್ಲೇಶ್ವರದಲ್ಲಿರುವ ನನ್ನ ಸ್ನೇಹಿತೆಯ ಅಂಗಡಿ’ಯಲ್ಲಿ ನಗು ಬರುವುದಿಲ್ಲ, ಹಾಗಾಗಿ ಮಲ್ಲೇಶ್ವರದಲ್ಲಿ ಇರುವುದು ಸ್ನೇಹಿತೆಯೋ ಅಂಗಡಿಯೋ ಅಂತ ಬರೆದವರಿಗೆ ಅನುಮಾನವೇ ಬರುವುದಿಲ್ಲ.

ಪತ್ರಿಕೆಗಳಲ್ಲಿ ‘ಸ್ಥಳಕ್ಕೆ ಬಂದ ಪೊಲೀಸರು ಪರಿಶೀಲಿಸಿದರು’ ಅನ್ನುವ ಶೈಲಿ ನೋಡಿರುತ್ತೀರಿ. ಘಟನೆಯನ್ನೇ ವಿಶೇಷಣ ಮಾಡಿ ಜಾಗ ಉಳಿಸುವ ಉಪಾಯ ಅದು. ‘ರಾಶಿಯ ಮುಂದೆ ನಿಂತ ಅಜ್ಜಿ ಕಾಯಿ ಬಿಡಿಸಿದರು’ ಅಂತ ನೀವೂ ಬರೆಯಬಹುದು, ತಪ್ಪಲ್ಲ. ಆದರೆ ಅದರಲ್ಲಿ ಸುದ್ದಿಯ ವಾಸನೆ ಹೊಡೆಯುತ್ತದೆ. ನಿಮ್ಮ ಅಜ್ಜಿಗೆ ‘ನಿಂತು’ ಸಾಕು.

ಇನ್ನು ಎಲ್ಲಕ್ಕಿಂತ ಜಾಸ್ತಿ ಯೋಚನೆ ಬೇಡುವ ಜಾಗಕ್ಕೆ ಬರೋಣ: ಮೊಣಕಾಲು ನೋವು. ‘ಅವರಿಗೆ ಮೊಣಕಾಲು ನೋವು ಇದೆ’ ಅನ್ನುವ ವಾಕ್ಯ ನಿಮ್ಮ ಪ್ಯಾರಾದಲ್ಲಿ ‘ಅಜ್ಜಿ ಬಂದರು’ ಮತ್ತು ‘ಆಟೊದಲ್ಲಿ ಹೋದೆವು’ ಇವೆರಡರ ನಡುವೆ ಸುಮ್ಮನೆ ಕೂತಿದೆ. ಅದನ್ನು ಯಾವ ಕಡೆಗೆ ಕಟ್ಟಬೇಕು?

ಹಿಂದಕ್ಕೆ ಕಟ್ಟಿದರೆ: ‘ಮೊಣಕಾಲು ನೋವಿದ್ದರೂ ಅಜ್ಜಿ ನನ್ನ ಜೊತೆ ಬಂದರು.’ ಆಗ ಅದು ಅಜ್ಜಿಯ ಉತ್ಸಾಹದ ಕಥೆ. ಮುಂದಕ್ಕೆ ಕಟ್ಟಿದರೆ: ‘ಅಜ್ಜಿಗೆ ಮೊಣಕಾಲು ನೋವಿದ್ದುದರಿಂದ ಆಟೊದಲ್ಲಿ ಹೋದೆವು.’ ಆಗ ಅದು ಆಟೊ ಯಾಕೆ ಅನ್ನುವುದಕ್ಕೆ ಕಾರಣ ಅಷ್ಟೇ. ಮೂರನೆಯದೂ ಇದೆ: ‘ಮೊಣಕಾಲು ನೋವು ಅಂತ ಆಟೊ ಹಿಡಿದೆವು.’ ಇಲ್ಲಿ ‘ಅಂತ’ ಬಂದ ಕೂಡಲೇ ಕಾರಣ ಅಜ್ಜಿಯ ಬಾಯಿಗೆ ಹೋಯಿತು. ‘ನೋವಿದ್ದುದರಿಂದ’ ಅಂದಾಗ ನೋವು ಇತ್ತು ಅಂತ ಬರೆಯುವವರಾದ ನೀವು ಒಪ್ಪಿಕೊಂಡಿದ್ದೀರಿ. ‘ನೋವು ಅಂತ’ ಅಂದಾಗ ಅದು ಅಜ್ಜಿ ಹೇಳಿದ್ದು. ನಿಜವೋ, ನಡೆಯಲು ಸೋಮಾರಿತನವೋ, ನಿಮ್ಮ ಮುಖದಲ್ಲಿ ಒಂದು ಸಣ್ಣ ನಗು ಉಳಿದುಕೊಳ್ಳುತ್ತದೆ. ಬರೆಯುವ ಭಾಷೆಯಲ್ಲಿ ಇದೇ ‘ನೋವೆಂದು’. ಪರಿಷೆಯಲ್ಲಿ ಅಷ್ಟು ದೂರ ನಡೆದ ಅಜ್ಜಿಗೆ ಇದು ಚೆನ್ನಾಗಿ ಹೊಂದೀತು, ಆದರೆ ಅವರು ಓದುತ್ತಾರೆ ಅನ್ನುವುದಾದರೆ ನೋಡಿಕೊಳ್ಳಿ.

ಒಂದೇ ಸಂಗತಿಗೆ ಮೂರು ಕೊಂಡಿ ಹಾಕಿದರೆ ಮೂರು ಕಥೆ ಆಯಿತು, ಅಲ್ವಾ? ತುಂಡು ವಾಕ್ಯ ಬರೆಯುವಾಗ ಈ ಕೆಲಸವನ್ನು ನಾವು ಓದುವವರ ತಲೆಗೆ ಕಟ್ಟಿರುತ್ತೇವೆ. ‘ಮೂರನೇ ಕ್ಲಾಸಿನ ಮಗು’ ಅನ್ನಿಸುವುದು ಅಲ್ಲೇ. ಮಗು ಸಂಗತಿಗಳನ್ನು ಸಾಲಾಗಿ ಇಡುತ್ತದೆ, ಯಾವುದಕ್ಕೆ ಯಾವುದು ಕಾರಣ, ಯಾವುದು ಅಡ್ಡಿ ಅಂತ ಹೇಳುವುದಿಲ್ಲ.

ಕೊಂಡಿ ಹಾಕಲು ವಾಕ್ಯಗಳನ್ನು ಸೇರಿಸಲೇಬೇಕು ಅಂತಲೂ ಇಲ್ಲ. ನಿಮ್ಮ ಕೊನೆಯ ಮೂರು ವಾಕ್ಯ ನೋಡಿ. ‘ಮಾರುವವಳು ಒಪ್ಪದಿದ್ದರೂ ಅಜ್ಜಿ ಮುಂದೆ ಹೋಗದೆ ಅಲ್ಲೇ ಕೊಂಡರು’ ಅಂತ ಒಂದೇ ಮಾಡಬಹುದು. ವ್ಯಾಕರಣ ಶುದ್ಧ, ಅರ್ಥ ಸ್ಪಷ್ಟ, ಆದರೆ ಜಗಳದ ಮಜಾ ಹೋಯಿತು. ಇಬ್ಬರೂ ಮುಖಾಮುಖಿ ನಿಂತ ಗಳಿಗೆ ಅದು, ಅದಕ್ಕೆ ಚಿಕ್ಕ ವಾಕ್ಯವೇ ಸರಿ. ನಾನಾದರೆ ಹೀಗೆ ಬಿಡುತ್ತೇನೆ: ‘ಮಾರುವವಳು ಒಪ್ಪಲಿಲ್ಲ. ಅಜ್ಜಿಯೂ ಕದಲಲಿಲ್ಲ.’ ಆ ‘ಊ’ ಒಂದೇ ಅಕ್ಷರ. ಮಾರುವವಳ ಹಟಕ್ಕೆ ಅಜ್ಜಿಯ ಹಟವನ್ನು ಎದುರು ನಿಲ್ಲಿಸಿಬಿಟ್ಟಿತು. ವಾಕ್ಯ ಎರಡೇ, ಆದರೆ ತುಂಡಾಗಿಲ್ಲ. ‘ಊ’, ‘ಏ’, ‘ಓ’, ‘ಆದರೂ’, ‘ಅಷ್ಟರಲ್ಲಿ’, ‘ಕೊನೆಗೆ’ ಇಂಥ ಪುಟ್ಟ ಪದಗಳು ಬಿಡಿ ವಾಕ್ಯಗಳ ನಡುವೆಯೇ ದಾರ ಎಳೆಯುತ್ತವೆ.

ಈಗ ಇಡೀ ಪ್ಯಾರಾ ಹೊಲಿಯೋಣ. ಹದಿನಾರು ವಾಕ್ಯದಲ್ಲಿ ನಿಜವಾಗಿ ಸುದ್ದಿ ಯಾವುದು ಅಂತ ನಾನು ಮೊದಲು ಗುರುತು ಹಾಕಿಕೊಂಡೆ. ಅಜ್ಜಿ ಹೊರಟದ್ದು, ನಡೆದದ್ದು, ರಾಶಿ ಕಂಡದ್ದು, ಚೌಕಾಸಿ, ನಿರಾಕರಣೆ, ಹಟ, ಕೊಂಡದ್ದು. ಮಿಕ್ಕವೆಲ್ಲ ಇವುಗಳ ಹಿಂದೆ ನಿಲ್ಲಬೇಕಾದವು. ‘ನಾನು ಪರಿಷೆಗೆ ಹೋದೆ’ ಕೂಡ ಸುದ್ದಿ ಅಲ್ಲ, ಯಾಕೆಂದರೆ ಕಥೆ ಅಜ್ಜಿಯದು. ಪರಿಷೆಯ ಪರಿಚಯವನ್ನು ಮೊದಲ ವಾಕ್ಯಕ್ಕೇ ತುರುಕಲು ಹೋದೆ, ಭಾರ ಆಯಿತು, ತೆಗೆದು ಎರಡನೆಯದಾಗಿ ಇಟ್ಟೆ.

‘ಮೊಣಕಾಲು ನೋವಿದ್ದರೂ ಅಜ್ಜಿ ಈ ಸಲ ನನ್ನ ಜೊತೆ ಕಡಲೆಕಾಯಿ ಪರಿಷೆಗೆ ಹೊರಟರು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಪರಿಷೆ ಅದು. ಆಟೊದಲ್ಲಿ ಹೋಗಿ ರಾಮಕೃಷ್ಣ ಆಶ್ರಮದ ಹತ್ತಿರ ಇಳಿದು ಅಲ್ಲಿಂದ ನಡೆದೆವು. ರಸ್ತೆಯ ಎರಡೂ ಕಡೆ ಕಡಲೆಕಾಯಿ ರಾಶಿ. ಅಜ್ಜಿ ಒಂದು ರಾಶಿಯ ಮುಂದೆ ನಿಂತು, ಒಂದು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಚೌಕಾಸಿ ಶುರು ಮಾಡಿದರು. ಮಾರುವವಳು ಒಪ್ಪಲಿಲ್ಲ. ಅಜ್ಜಿಯೂ ಕದಲಲಿಲ್ಲ. ಕೊನೆಗೆ ಅಲ್ಲೇ ಕೊಂಡರು.’

ಹದಿನಾರು ಎಂಟಾಯಿತು. ಮತ್ತೆ ಚೀಟಿ ತೆಗೆದು ಕೊನೆಯ ಪದಗಳನ್ನು ಬರೆಯಿರಿ: ಹೊರಟರು, ಅದು, ನಡೆದೆವು, ರಾಶಿ, ಮಾಡಿದರು, ಒಪ್ಪಲಿಲ್ಲ, ಕದಲಲಿಲ್ಲ, ಕೊಂಡರು. ಚೀಟಿ ಓದಿದರೇ ಅರ್ಧ ಕಥೆ ಗೊತ್ತಾಗುತ್ತದೆ. ಎರಡು ಕಡೆ ಕ್ರಿಯಾಪದವೇ ಇಲ್ಲ. ‘ಇತ್ತು’ ತೆಗೆದು ‘ಕಡಲೆಕಾಯಿ ರಾಶಿ’ ಅಂತ ನಿಲ್ಲಿಸಿದ್ದು ಬೇಕಂತಲೇ. ನೋಡಿದ್ದನ್ನು ತೋರಿಸುವಾಗ ಕನ್ನಡ ಆ ‘ಇತ್ತು’ವನ್ನು ಬಿಡಲು ಒಪ್ಪುತ್ತದೆ. ಉದ್ದ ನೋಡಿ: ಚೌಕಾಸಿಯ ವಾಕ್ಯದಲ್ಲಿ ಹದಿನಾಲ್ಕು ಪದ, ಅದರ ಹಿಂದೆಯೇ ಎರಡೆರಡು ಪದದ ಎರಡು ವಾಕ್ಯ. ಅಜ್ಜಿ ನಿಧಾನವಾಗಿ ತಯಾರಿ ಮಾಡಿಕೊಂಡು ಹೋಗಿ ಗೋಡೆಗೆ ಡಿಕ್ಕಿ ಹೊಡೆದ ಹಾಗೆ ಕೇಳಿಸಬೇಕು ಅನ್ನುವುದು ನನ್ನ ಆಸೆ.

ಕೊಂಡಿಯ ರುಚಿ ಹತ್ತಿದವರು ಇನ್ನೊಂದು ತುದಿಗೆ ಹೋಗುವುದನ್ನೂ ನೋಡಿದ್ದೇನೆ. ‘ಆಟೊ ಹಿಡಿದು, ಆಶ್ರಮದ ಹತ್ತಿರ ಇಳಿದು, ಅಲ್ಲಿಂದ ನಡೆದು, ರಾಶಿಗಳನ್ನು ನೋಡಿ, ಒಂದರ ಮುಂದೆ ನಿಂತು, ಕಾಯಿ ಬಿಡಿಸಿ, ಬಾಯಿಗೆ ಹಾಕಿಕೊಂಡು, ಚೌಕಾಸಿ ಮಾಡಿ...’ ಗೂಡ್ಸ್ ರೈಲು ಹೋದ ಹಾಗೆ. ಇದರಲ್ಲೂ ಮೊದಲಿನ ರೋಗವೇ ಇದೆ, ಎಲ್ಲಕ್ಕೂ ಒಂದೇ ತೂಕ. ಮೊದಲು ಎಲ್ಲರೂ ನಿಂತಿದ್ದರು, ಈಗ ಎಲ್ಲರೂ ಕೂತಿದ್ದಾರೆ. ಜೊತೆಗೆ, ಈ ಸಾಲಿನ ಮೊದಲರ್ಧ ನಿಮ್ಮಿಬ್ಬರ ಕೆಲಸ, ಎರಡನೇ ಅರ್ಧ ಅಜ್ಜಿ ಒಬ್ಬರದು. ಯಾವ ಬೋಗಿಯಲ್ಲಿ ನೀವು ಇಳಿದಿರಿ ಅಂತ ತಿಳಿಯುವುದಿಲ್ಲ. ‘ನೋಡಿ, ನಿಂತು’ ಥರ ‘ಇ’ ಅಥವಾ ‘ಉ’ದಿಂದ ಮುಗಿಯುವ ಮೂರು ಕೊಂಡಿ ಆದ ಮೇಲೆ ನಾನು ಸಾಮಾನ್ಯವಾಗಿ ಪೂರ್ಣವಿರಾಮ ಹುಡುಕುತ್ತೇನೆ. ಜೋರಾಗಿ ಓದಿ ನೋಡಿ. ನಡುವೆ ಉಸಿರು ತೆಗೆದುಕೊಳ್ಳಬೇಕಾಗಿ ಬಂದ ಜಾಗದಲ್ಲೇ ವಾಕ್ಯ ಮುರಿಯಬೇಕು.

ಅಭ್ಯಾಸ ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಾಕ್ಯ ಜೋಡಿಸುವುದನ್ನೇ ಒಂದು ಪಾಠವಾಗಿ ಅಮೆರಿಕದಲ್ಲಿ 1960ರ ದಶಕದಿಂದ ಪರೀಕ್ಷೆ ಮಾಡಿ ನೋಡಿದ್ದಾರೆ. 1973ರಲ್ಲಿ ಫ್ರಾಂಕ್ ಓಹೇರ್ ಅನ್ನುವವರು ಏಳನೇ ತರಗತಿಯ ಮಕ್ಕಳಿಗೆ ವ್ಯಾಕರಣದ ಹೆಸರುಗಳನ್ನು ಕಲಿಸದೆ ಬರೀ ಜೋಡಿಸುವ ಅಭ್ಯಾಸ ಕೊಟ್ಟು, ಅವರ ಬರವಣಿಗೆ ಸುಧಾರಿಸಿದ್ದನ್ನು ವರದಿ ಮಾಡಿದರು. ಅದು ಇಂಗ್ಲಿಷಿನ ಮಾತು. ನಾನು ಭಾನುವಾರದ ತರಗತಿಯಲ್ಲಿ ಅದನ್ನೇ ಕನ್ನಡಕ್ಕೆ ತಿರುಗಿಸಿಕೊಂಡಿದ್ದೇನೆ. ನಿಮಗೆ ಇಷ್ಟವಾದ ಯಾರದಾದರೂ ಗದ್ಯದಿಂದ ಐದಾರು ಸಾಲು ಆರಿಸಿ. ಅದನ್ನು ನೀವು ನನಗೆ ಕಳಿಸಿದ ಹಾಗೆ ತುಂಡು ತುಂಡು ಮಾಡಿ, ಒಂದೊಂದು ಕೆಲಸಕ್ಕೆ ಒಂದೊಂದು ವಾಕ್ಯ. ಎರಡು ದಿನ ಮುಚ್ಚಿಡಿ. ಆಮೇಲೆ ಮೂಲ ನೋಡದೆ ಎರಡು ಬೇರೆ ಬೇರೆ ರೀತಿ ಜೋಡಿಸಿ, ಕೊನೆಗೆ ಮೂಲದ ಪಕ್ಕ ಇಡಿ. ಯಾರದು ಚೆನ್ನಾಗಿದೆ ಅಂತ ನೋಡಬೇಡಿ. ಅವರು ಯಾವ ಕ್ರಿಯಾಪದವನ್ನು ಕೊನೆಗೆ ಉಳಿಸಿಕೊಂಡರು, ನೀವು ಯಾವುದನ್ನು ಉಳಿಸಿಕೊಂಡಿರಿ ಅಂತ ಮಾತ್ರ ನೋಡಿ. ಒಂದು ಸಲಕ್ಕೆ ಅರ್ಧ ಗಂಟೆ ಸಾಕು.

ಅಂದ ಹಾಗೆ, ನಿಮ್ಮ ಪ್ಯಾರಾ ಹೊಲಿಯುವಾಗ ಒಂದು ಕಡೆ ನನ್ನ ಸೂಜಿ ನಿಂತುಬಿಟ್ಟಿತು. ‘ಅಲ್ಲೇ ಕೊಂಡರು’ ಅಂದಿರಿ. ಯಾರ ಬೆಲೆಗೆ? ಮಾರುವವಳು ಕೊನೆಗೆ ಇಳಿದಳೋ, ಅಜ್ಜಿ ಸೋತರೋ? ಬಿಡಿ ವಾಕ್ಯದಲ್ಲಿ ಈ ತೂತು ಕಾಣುತ್ತಿರಲಿಲ್ಲ, ಕೊಂಡಿ ಹಾಕಲು ಹೋದಾಗ ಕಂಡಿತು. ನನಗೆ ಗೊತ್ತಿಲ್ಲದ್ದರಿಂದ ‘ಕೊನೆಗೆ’ ಅನ್ನುವ ಪದದಿಂದ ಮುಚ್ಚಿದ್ದೇನೆ. ‘ಕೊನೆಗೆ ಬೆಲೆ ಇಳಿಸಿಯೇ ಕೊಂಡರು’ ಅನ್ನಬೇಕೋ, ‘ಕೊನೆಗೆ ಅವಳು ಹೇಳಿದಷ್ಟೇ ಕೊಟ್ಟು ಕೊಂಡರು’ ಅನ್ನಬೇಕೋ, ಅದನ್ನು ಅಜ್ಜಿಯನ್ನು ಕೇಳಿ ನೀವೇ ತುಂಬಿ.